ಮೊದಲ ಬೆಂಚಿನ ಸಿಪ್ಪೆ

ಶಿಕಾರಿಪುರದ ಮಕ್ಕಳಿಗೆ ಪಿಯುಸಿ ಅರ್ಥಶಾಸ್ತ್ರ ಹೇಳುತ್ತಲೇ ನಾನು ತಲೆ ನರೆಸಿಕೊಂಡವನು. ಊರಿನಲ್ಲಿ ನನ್ನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ, ನನಗೊಂದು ಬಿರುದಿದೆ: ಗುಣಕದ ಮೇಷ್ಟ್ರು. ಈ ಬಿರುದನ್ನು ಯಾವ ಅರಮನೆಯೂ ಕೊಟ್ಟಿದ್ದಲ್ಲ. ಫೇಲಾಗುವ ಭಯದಲ್ಲಿದ್ದ ಮಕ್ಕಳು ಕೊಟ್ಟಿದ್ದು, ಆದ್ದರಿಂದ ಅರಮನೆಯದಕ್ಕಿಂತ ಗಟ್ಟಿ ಎಂದು ನಾನು ತಿಳಿದಿದ್ದೆ.

ಗುಣಕ ಎಂದರೆ ಇಷ್ಟೇ. ಸರ್ಕಾರ ಒಂದು ರೂಪಾಯಿ ಖರ್ಚು ಮಾಡಿದರೆ ಅದು ಯಾರದೋ ಆದಾಯವಾಗುತ್ತದೆ. ಅವನು ಸ್ವಲ್ಪ ಉಳಿಸಿ ಮಿಕ್ಕಿದ್ದನ್ನು ಖರ್ಚು ಮಾಡುತ್ತಾನೆ, ಅದು ಮತ್ತೊಬ್ಬನ ಆದಾಯ. ಹೀಗೆ ಕೈಯಿಂದ ಕೈಗೆ ಹೋಗಿ, ರಾಷ್ಟ್ರದ ಆದಾಯ ಆ ಒಂದು ರೂಪಾಯಿಗಿಂತ ಹೆಚ್ಚು ಬೆಳೆಯುತ್ತದೆ. ಎಷ್ಟು ಪಟ್ಟು ಎಂಬುದೇ ಗುಣಕ. ಇಷ್ಟರವರೆಗೆ ಮಕ್ಕಳು ತಲೆಯಾಡಿಸುತ್ತಾರೆ. ಅದರ ಬೆನ್ನಿಗೇ ತೆರಿಗೆ ಗುಣಕ ಬರುತ್ತದೆ. ಸರ್ಕಾರ ಅಷ್ಟೇ ಮೊತ್ತವನ್ನು ಖರ್ಚು ಮಾಡುವ ಬದಲು ತೆರಿಗೆಯಲ್ಲಿ ಬಿಟ್ಟುಕೊಟ್ಟರೆ ಆದಾಯ ಅಷ್ಟು ಬೆಳೆಯುವುದಿಲ್ಲ, ಕಡಿಮೆ ಬೆಳೆಯುತ್ತದೆ. ಇಲ್ಲಿಗೆ ಬಂದಾಗ ಹಿಂದಿನ ಬೆಂಚಿನವರು ಕಿಟಕಿಯಾಚೆ ನೋಡತೊಡಗುತ್ತಾರೆ.

ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನ ಅರ್ಥಶಾಸ್ತ್ರ ಉಪನ್ಯಾಸಕರದೊಂದು ವೇದಿಕೆ ಉಂಟು. ವಾರ್ಷಿಕ ಪರೀಕ್ಷೆಗೆ ಮುಂಚೆ ಈ ಒಂದೇ ಪಾಠವನ್ನು ಹೇಳಲು ಅದು ಒಬ್ಬರನ್ನು ಆರಿಸಿ ಕಾಲೇಜಿಂದ ಕಾಲೇಜಿಗೆ ಕಳಿಸುತ್ತದೆ. ಹೋದಲ್ಲೆಲ್ಲ ಒಂದು ಶಾಲು, ಬಿಸಿ ಊಟ, ಪ್ರಾಂಶುಪಾಲರ ಕೋಣೆಯಲ್ಲಿ ಗಾದಿ ಹಾಕಿದ ಕುರ್ಚಿ. ಆ ಕುರ್ಚಿಯಲ್ಲಿ ಹಲವು ವರ್ಷಗಳಿಂದ ನಾನೊಬ್ಬನೇ ಕುಳಿತಿದ್ದೆ. ಶಾಲುಗಳನ್ನು ನನ್ನ ಹೆಂಡತಿ ಅಕ್ಕಿ ಡಬ್ಬಿಗೆ ಮುಚ್ಚಲು ಬಳಸುತ್ತಿದ್ದಳು. ಅದು ಬೇರೆ ಮಾತು.

ಈ ಏಕಚಕ್ರಾಧಿಪತ್ಯಕ್ಕೆ ಸೊರಬದ ಕಡೆಯಿಂದ ಕಂಟಕ ಬಂತು. ಅಲ್ಲಿನ ಕಾಲೇಜಿಗೆ ಹೊಸದಾಗಿ ಬಂದ ಉಪನ್ಯಾಸಕಿಯೊಬ್ಬರು ಗುಣಕದ ಪಾಠವನ್ನು ಶೇಂಗಾ ಇಟ್ಟುಕೊಂಡು ಮಾಡುತ್ತಾರಂತೆ ಎಂದು ಮೊದಲು ಬಸ್‌ಸ್ಟ್ಯಾಂಡಿನಲ್ಲಿ ಕೇಳಿದೆ. ನಕ್ಕೆ. ಆಮೇಲೆ ವೇದಿಕೆಯ ವಾಟ್ಸಾಪ್ ಗುಂಪಿಗೆ ಅದರ ವೀಡಿಯೋ ಬಂತು. ಕ್ಷಣದಲ್ಲಿ ಹೆಬ್ಬೆರಳುಗಳ ಸುರಿಮಳೆ. ನಾನು ಹಿಂದಿನ ವರ್ಷ ಅದೇ ಗುಂಪಿಗೆ ಹಾಕಿದ್ದ ಸೂತ್ರಗಳ ಪಟಕ್ಕೆ ಬಂದಿದ್ದು ಒಂದೇ ಹೆಬ್ಬೆರಳು. ಅದೂ ನನ್ನದು, ಕೈತಪ್ಪಿ ಒತ್ತಿದ್ದು.

"ನೋಡ್ದೆಯೇನೇ? ಪಾಠ ಹೇಳೋ ಜಾಗದಲ್ಲಿ ಶೇಂಗಾ ತಿನ್ನಿಸ್ತಾರಂತೆ," ಎಂದು ವೀಡಿಯೋವನ್ನು ಹೆಂಡತಿಗೆ ತೋರಿಸಿದೆ. ಆಕೆ ಜಡೆ ಎಂಬ ಊರಿನವಳು, ಸೊರಬ ತಾಲ್ಲೂಕು. ಈ ಸಂಗತಿಯನ್ನು ಆ ಕ್ಷಣದಲ್ಲಿ ಮರೆತಿದ್ದೆ.

ಆಕೆ ಕನ್ನಡಕ ಹಾಕಿಕೊಂಡು ಪೂರ್ತಿ ನೋಡಿದಳು. ಆಮೇಲೆ ಮತ್ತೊಮ್ಮೆ ನೋಡಿದಳು.

"ನಮ್ಮ ಕಡೆ ಹುಡುಗಿ ಅಲ್ದಾ? ಎಷ್ಟು ಚಂದ ಹೇಳ್ತಾಳ್ರೀ."

"ಚಂದ ಹೇಳೋಕೆ ಅದೇನು ಸೋಬಾನೆ ಪದವೇ? ಅದು ಶಾಸ್ತ್ರ."

"ನೀವು ಮದುವೆಯಾದ ಹೊಸತರಲ್ಲಿ ನನಗೂ ಈ ಶಾಸ್ತ್ರ ಹೇಳಿದ್ರಿ. ಚೀಟಿ ಹರಿದು ಹರಿದು ಕೊಟ್ರಿ. ನಾನು ಅವನ್ನ ಒಲೆಗೆ ಹಾಕ್ದೆ."

ಇಲ್ಲಿ ನನ್ನ ಪದ್ಧತಿಯನ್ನು ಹೇಳಬೇಕು. ಹಳೆ ಕ್ಯಾಲೆಂಡರನ್ನು ಕತ್ತರಿಸಿ ಚೀಟಿ ಮಾಡುತ್ತೇನೆ, ಒಂದೊಂದು ಚೀಟಿಯೂ ಒಂದು ರೂಪಾಯಿ. ನಾನು ಸರ್ಕಾರ. ಮೊದಲ ಬೆಂಚಿಗೆ ಹದಿನಾರು ಕೊಡುತ್ತೇನೆ. ಸಿಕ್ಕಿದ್ದರಲ್ಲಿ ಅರ್ಧ ಉಳಿಸಿ ಅರ್ಧ ಹಿಂದಕ್ಕೆ ದಾಟಿಸಬೇಕು ಎಂಬುದು ನಿಯಮ. ಆದಾಯ ಒಂದು ರೂಪಾಯಿ ಹೆಚ್ಚಾದರೆ ಅದರಲ್ಲಿ ಎಷ್ಟು ಪಾಲು ಖರ್ಚಾಗುತ್ತದೋ ಅದಕ್ಕೆ ಪುಸ್ತಕದಲ್ಲಿ ಸೀಮಾಂತ ಅನುಭೋಗಿ ಪ್ರವೃತ್ತಿ ಎಂಬ ದೊಡ್ಡ ಹೆಸರಿದೆ, ಇಲ್ಲಿ ಅದು ಅರ್ಧ. ಪ್ರತಿ ಬೆಂಚೂ ತನಗೆ ಬಂದಿದ್ದನ್ನು ಕೂಗಿ ಹೇಳುತ್ತದೆ. ಹದಿನಾರು, ಎಂಟು, ನಾಲ್ಕು, ಎರಡು, ಒಂದು. ನಾನು ಬೋರ್ಡಿನ ಮೇಲೆ ಕೂಡಿಸುತ್ತೇನೆ. ಬೆಂಚುಗಳು ಮುಗಿಯದೆ ಹೋದರೆ ಮೂವತ್ತೆರಡನ್ನು ಮುಟ್ಟಬೇಕಾದ ಮೊತ್ತ, ಹದಿನಾರರ ಎರಡು ಪಟ್ಟು. ತೆರಿಗೆ ಕಡಿತಕ್ಕೆ ಬಂದಾಗ ಚೀಟಿ ಒಳಗಿಟ್ಟು, "ಅದೇ ಸಾಲು, ಮೊದಲನೆಯದನ್ನು ಬಿಡಿ," ಎಂದು ಬರೆಸುತ್ತಿದ್ದೆ. ಮಕ್ಕಳು ಬಿಡುತ್ತಿದ್ದರು. ಅಂಕ ಬರುತ್ತಿತ್ತು. ಲೋಕ ಸುಖವಾಗಿತ್ತು.

ಆ ವರ್ಷ ವೇದಿಕೆಯ ಅಧ್ಯಕ್ಷರು ಗುಂಪಿಗೊಂದು ಸಂದೇಶ ಹಾಕಿದರು. ಅವರು ಶಿರಾಳಕೊಪ್ಪದ ಕಾಲೇಜೊಂದರ ಪ್ರಾಂಶುಪಾಲರು, ಯಾರ ಮನಸ್ಸನ್ನೂ ನೋಯಿಸಬಾರದು ಎಂಬ ಒಂದೇ ವ್ರತ ಹಿಡಿದು ಅದರಿಂದಲೇ ಎಲ್ಲರನ್ನೂ ನೋಯಿಸುವ ಸಜ್ಜನರು. 'ಈ ಬಾರಿ ಗುಣಕಕ್ಕೆ ಇಬ್ಬರೂ ಮಾದರಿ ಪಾಠ ಮಾಡತಕ್ಕದ್ದು. ಮೊದಲು ಸೊರಬದ ಮೇಡಂ, ನಂತರ ನಮ್ಮ ಹಿರಿಯರು. ಆ ಮೇಲೆ ಕಾಲೇಜುಗಳ ಸುತ್ತಿಗೆ ಹೋಗುವವರ ಹೆಸರು ಸೂಚಿಸುವುದು, ಪದ್ಧತಿಯಂತೆ.'

ಪದ್ಧತಿಯಂತೆ ಎಂದರೆ, ಹಿಂದಿನ ವರ್ಷ ಸುತ್ತಿಗೆ ಹೋದವರೇ ಎದ್ದು ನಿಂತು ಈ ವರ್ಷದವರ ಹೆಸರನ್ನು ಸೂಚಿಸಬೇಕು. ಪ್ರತಿ ವರ್ಷವೂ ನಾನೇ ಎದ್ದು, ಗಂಟಲು ಸರಿಮಾಡಿಕೊಂಡು, "ಸಭೆಯ ಇಚ್ಛೆ ಇದ್ದಲ್ಲಿ ಈ ಭಾರವನ್ನು ನಾನೇ ಹೊರಲು ಸಿದ್ಧ," ಎನ್ನುತ್ತಿದ್ದೆ. ಸಭೆಗೆ ಇಚ್ಛೆ ಇದೆಯೇ ಎಂದು ಯಾರೂ ಕೇಳುತ್ತಿರಲಿಲ್ಲ. ಹೊರಗೆ ಉಪ್ಪಿಟ್ಟು ಆರುತ್ತಿರುತ್ತಿತ್ತು.

ಹೊರಡುವ ಬೆಳಿಗ್ಗೆ ಹೆಂಡತಿ ಇಸ್ತ್ರಿ ಮಾಡಿದ ಅಂಗಿ ಕೊಡುತ್ತ ತನ್ನ ಹಳೆಯ ಅರ್ಜಿಯನ್ನು ಮತ್ತೆ ಮುಂದಿಟ್ಟಳು. ಈಚೆಗೆ ಸಂಬಳದಾರರಿಗೆ ಆದಾಯ ತೆರಿಗೆ ಇಳಿದಿದೆಯಲ್ಲ, ಆ ಉಳಿದ ದುಡ್ಡಿನಲ್ಲಿ ಒಂದು ಮಿಕ್ಸಿ ಆಗಬೇಕು, ಈಗಿರುವುದು ಚಟ್ನಿ ರುಬ್ಬುವಾಗ ಬಸ್ಸಿನ ಹಾಗೆ ಕೂಗುತ್ತದೆ ಎಂಬುದು ಅರ್ಜಿಯ ಸಾರ.

"ಡಿಪಾಜಿಟ್ ಇಟ್ಟಾಯ್ತು ಕಣೇ," ಎಂದೆ.

"ಅಷ್ಟೂನಾ?"

"ಅಷ್ಟೂ."

"ಸರ್ಕಾರ ಪಾಪ, ನೀವು ಖರ್ಚು ಮಾಡ್ತೀರಿ ಅಂತ ಬಿಟ್ಟುಕೊಡ್ತು," ಎಂದು ಆಕೆ ಒಳಗೆ ಹೋದಳು. ಆಗ ಮಿಕ್ಸಿ ಕೂಗಿತು. ಬೇಕೆಂದೇ ಕೂಗಿಸಿದಳೆಂದು ನನ್ನ ಗುಮಾನಿ.

ಶಿರಾಳಕೊಪ್ಪದ ಆ ಕೋಣೆಯಲ್ಲಿ ಐದು ಬೆಂಚು. ಮಾದರಿ ಪಾಠದಲ್ಲಿ ಉಪನ್ಯಾಸಕರೇ ವಿದ್ಯಾರ್ಥಿಗಳಾಗಿ ಕೂರಬೇಕು, ವಿದ್ಯಾರ್ಥಿಗಳ ಹಾಗೆಯೇ ನಡೆದುಕೊಳ್ಳಬೇಕು. ಹಿರಿತನದ ಕಾರಣ ನನಗೆ ಮೊದಲ ಬೆಂಚು. ಪಕ್ಕದಲ್ಲಿ ಅಧ್ಯಕ್ಷರು.

ಮೇಡಂ ಬಂದರು. ನಾನು ಎತ್ತರದವರನ್ನು, ಜೋರು ದನಿಯವರನ್ನು ನಿರೀಕ್ಷಿಸಿದ್ದೆ. ಹಾಗಿದ್ದರೆ ದ್ವೇಷಿಸುವುದು ಸುಲಭವಾಗುತ್ತಿತ್ತು. ಈಕೆ ಸಣ್ಣಗಿದ್ದರು, ಕೈಯಲ್ಲಿ ಬಟ್ಟೆ ಚೀಲ. ಬಂದವರೇ, "ಸರ್, ನಿಮ್ಮ ಚೀಟಿ ಪಾಠ ತುಂಬ ಕೇಳಿದೀನಿ. ನಿಮ್ಮೆದುರು ಮಾಡೋಕೆ ಕೈ ನಡುಗ್ತಿದೆ," ಎಂದು ಕೈಮುಗಿದರು. ನಾನು ನೋಡಿದೆ, ಕೈ ನಡುಗುತ್ತಿರಲಿಲ್ಲ.

ಪ್ರತಿ ಬೆಂಚಿನ ಮುಂದೂ ಸಿಪ್ಪೆ ಬಿಡಿಸದ ಶೇಂಗಾ ಸುರಿದರು. ನಿಯಮ ಹೇಳಿದರು. ಒಂದು ಕಾಯಿ ಸುಲಿದು ಕೊಟ್ಟರೆ ಒಂದು ಚೀಟಿ. ಕಾಳನ್ನು ಕೊಂಡವರು ತಿನ್ನಬಹುದು, ಸಿಪ್ಪೆ ಮಾತ್ರ ಸುಲಿದವರ ಮುಂದೆಯೇ ಇರಬೇಕು. "ಕೊನೆಗೆ ನಾವು ಚೀಟಿ ಎಣಿಸೋದಿಲ್ಲ. ಸಿಪ್ಪೆ ಎಣಿಸ್ತೀವಿ."

ನಾನು ಜೇಬಿನಲ್ಲಿದ್ದ ನನ್ನ ಚೀಟಿಗಳನ್ನು ಒಮ್ಮೆ ಮುಟ್ಟಿ ನೋಡಿಕೊಂಡೆ.

"ಈಗ ನಾನು ಸರ್ಕಾರ. ಮೊದಲ ಬೆಂಚಿನಿಂದ ಹದಿನಾರು ಕಾಯಿ ಕೊಳ್ತೀನಿ. ಸುಲೀರಿ ಸರ್."

ನಾನು ಮತ್ತು ಅಧ್ಯಕ್ಷರು ಸುಲಿದೆವು. ಇಳಿವಯಸ್ಸಿನ ಇಬ್ಬರು ಗಣ್ಯರು ರಾಷ್ಟ್ರೀಯ ಉತ್ಪನ್ನಕ್ಕಾಗಿ ಉಗುರು ಸವೆಸುವ ಆ ದೃಶ್ಯಕ್ಕೆ ಹಿಂದಿನ ಬೆಂಚುಗಳಿಂದ ನಗು. ಹದಿನಾರು ಚೀಟಿ ಬಂತು. ಎಂಟನ್ನು ಮೇಡಂ ತಂದಿದ್ದ ಡಬ್ಬಿಯ ಮುಚ್ಚಳಕ್ಕೆ ಹಾಕಿದೆವು, ಅದು ಉಳಿತಾಯ. ಮಿಕ್ಕ ಎಂಟಕ್ಕೆ ಎರಡನೆಯ ಬೆಂಚಿನಿಂದ ಎಂಟು ಕಾಯಿ ಸುಲಿಸಿ ತಿಂದೆವು. ಅವರು ಮೂರನೆಯವರಿಂದ ನಾಲ್ಕು, ಅವರು ಮುಂದಿನವರಿಂದ ಎರಡು, ಕೊನೆಯ ಬೆಂಚು ಒಂದು. ಸಿಪ್ಪೆ ಎಣಿಸಿದರು. ಮೂವತ್ತೊಂದು ಕಾಯಿಯದು.

ನಾನು ಕಾದಿದ್ದ ಗಳಿಗೆ ಇದು. ವಿದ್ಯಾರ್ಥಿಯ ಹಾಗೆ ಕೈ ಎತ್ತಿದೆ.

"ಗುಣಕ ಎರಡು ಆದರೆ ಮೂವತ್ತೆರಡು ಬರಬೇಕಲ್ಲ ಮೇಡಂ? ಒಂದು ಕಾಯಿ ಎಲ್ಲಿ ಹೋಯಿತು? ಯಾರಾದರೂ ಬಾಯಿಗೆ ಹಾಕಿಕೊಂಡರೋ?"

"ಅರ್ಧ ಕಾಯಿ, ಕಾಲು ಕಾಯಿ, ಅರೆಕಾಲು ಅಂತ ಹಿಂದೆ ಹೋಗ್ತಾನೇ ಇರ್ಬೇಕು ಸರ್. ಬೆಂಚು ಸಾಲ್ದೇ ನಿಂತುಬಿಟ್ಟಿದೆ. ಸಾಲು ಮುಂದುವರಿದಷ್ಟೂ ಮೂವತ್ತೆರಡಕ್ಕೆ ಹತ್ರ ಹೋಗುತ್ತೆ."

"ಬೆಂಚಿಗೆ ಅರ್ಜಿ ಹಾಕೀವ್ರೀ," ಎಂದರು ಅಧ್ಯಕ್ಷರು, ಬಾಯಲ್ಲಿ ಕಾಳಿತ್ತು.

ಮೇಡಂ ಸಿಪ್ಪೆಯನ್ನೆಲ್ಲ ಪಕ್ಕಕ್ಕೆ ಸರಿಸಿ ಎರಡನೆಯ ಆಟಕ್ಕೆ ಬಂದರು. "ಈಗ ನಾನು ಏನೂ ಕೊಳ್ಳೋದಿಲ್ಲ. ಮೊದಲ ಬೆಂಚಿನವರು ನನಗೆ ಕೊಡಬೇಕಾಗಿದ್ದ ತೆರಿಗೇಲಿ ಹದಿನಾರು ಬಿಟ್ಟಿದೀನಿ. ತಗೊಳ್ಳಿ, ನಿಮ್ಮ ದುಡ್ಡು ನಿಮ್ಮ ಹತ್ರಾನೇ ಇರಲಿ."

ಹದಿನಾರು ಚೀಟಿ ನಮ್ಮ ಮುಂದೆ ಬಂತು. ನಾನು ಅಭ್ಯಾಸಬಲದಿಂದ ಶೇಂಗಾಕ್ಕೆ ಕೈ ಹಾಕಿದೆ.

"ಸುಲೀಬೇಡಿ ಸರ್. ಯಾರೂ ನಿಮ್ಮಿಂದ ಏನೂ ಕೊಂಡಿಲ್ಲ."

ಕೈ ಹಿಂದಕ್ಕೆಳೆದುಕೊಂಡೆ. ಎಂಟು ಚೀಟಿ ಮುಚ್ಚಳಕ್ಕೆ ಹೋಯಿತು, ಎಂಟಕ್ಕೆ ಎರಡನೆಯ ಬೆಂಚು ಸುಲಿಯಿತು, ನಾವು ತಿಂದೆವು. ಎಂಟು, ನಾಲ್ಕು, ಎರಡು, ಒಂದು. ಹದಿನೈದು. ಎಲ್ಲರೂ ಮೊದಲ ಬೆಂಚಿನ ಕಡೆ ನೋಡಿದರು. ಉಳಿದ ನಾಲ್ಕೂ ಬೆಂಚಿನ ಮುಂದೆ ಮೊದಲಿನ ಆಟದಷ್ಟೇ ಸಿಪ್ಪೆ. ನಮ್ಮ ಮುಂದೆ ಒಂದೂ ಇಲ್ಲ. ಮರದ ಹಲಗೆ, ಅದರ ಮೇಲೆ ನನ್ನ ಎರಡು ಕೈ.

"ವ್ಯತ್ಯಾಸ ಇಷ್ಟೇ," ಎಂದರು ಮೇಡಂ. "ಸರ್ಕಾರ ಕೊಂಡಾಗ ಮೊದಲ ಏಟಿಗೇ ಹದಿನಾರು ಕಾಯಿ ಉತ್ಪತ್ತಿ ಆಯ್ತು. ತೆರಿಗೆ ಬಿಟ್ಟಾಗ ಮೊದಲ ಏಟಿಗೆ ಉತ್ಪತ್ತಿ ಸೊನ್ನೆ, ಬರೀ ಕೈಯಲ್ಲಿ ದುಡ್ಡು ಜಾಸ್ತಿ. ಅದರಲ್ಲಿ ಅರ್ಧ ಮುಚ್ಚಳದಲ್ಲಿ ಮಲಗ್ತು, ಉಳಿದರ್ಧ ಅಂಗಡಿಗೆ ಬಂದಮೇಲೆ ಆಟ ಶುರು. ಅದಕ್ಕೇ ಒಂದರ ಗುಣಕ ಎರಡು, ಇನ್ನೊಂದರದ್ದು ಒಂದು. ಅರ್ಧದ ಬದಲು ನೂರಕ್ಕೆ ಎಂಬತ್ತು ಖರ್ಚು ಮಾಡೋ ಊರಾದ್ರೆ ಐದು ಮತ್ತೆ ನಾಲ್ಕು. ಯಾವಾಗ್ಲೂ ಒಂದೇ ಅಂತರ, ಈ ಮೊದಲ ಬೆಂಚಿನದ್ದು."

ನಾನು ಸುಮ್ಮನಿರಬಹುದಿತ್ತು. ಆದರೆ ನನ್ನ ಹೊಟ್ಟೆಕಿಚ್ಚಿನ ವಿಷಯದಲ್ಲಿ ಸೀಮಾಂತ ಪ್ರವೃತ್ತಿ ಪೂರ್ತಿ ಒಂದು. ಉಳಿತಾಯ ಎಂಬುದೇ ಇಲ್ಲ, ಬಂದಷ್ಟೂ ಹೊರಗೆ ಹೋಗುತ್ತದೆ.

"ಅರ್ಧ ಅರ್ಧ ಉಳಿಸೋರು ಯಾರಿದ್ದಾರೆ ಮೇಡಂ ಈ ಸೀಮೆಯಲ್ಲಿ?"

"ನೀವೇ ಹೇಳಿ ಸರ್. ಈ ಸಲ ನಮಗೆಲ್ಲ ತೆರಿಗೆ ಉಳೀತಲ್ಲ, ಏನು ಮಾಡಿದ್ರಿ?"

ಸುಳ್ಳು ಹೇಳಬಹುದಿತ್ತು. ಆದರೆ ನಾನು ಡಿಪಾಜಿಟ್ ಇಡುವಾಗ ಬ್ಯಾಂಕಿನಲ್ಲಿ ಅಧ್ಯಕ್ಷರು ನನ್ನ ಹಿಂದೆಯೇ ಸಾಲಿನಲ್ಲಿ ನಿಂತಿದ್ದರು.

"ಡಿಪಾಜಿಟ್."

"ಅಷ್ಟೂನಾ ಸರ್?"

ಬೆಳಿಗ್ಗೆ ಕೇಳಿದ ಅದೇ ಪ್ರಶ್ನೆ, ಅದೇ ಸೊರಬದ ರಾಗ. "ಅಷ್ಟೂ," ಎಂದೆ.

"ಹಾಗಾದ್ರೆ ನಿಮ್ಮ ಬೆಂಚಿಂದ ಆಟಾನೇ ಹಿಂದಕ್ಕೆ ಹೋಗೋದಿಲ್ಲ ಸರ್. ನಿಮ್ಮ ತೆರಿಗೆ ಗುಣಕ ಸೊನ್ನೆ."

ಕೋಣೆ ನಕ್ಕಿತು. ಅಧ್ಯಕ್ಷರು ನನ್ನ ಮನಸ್ಸು ನೋಯಬಾರದೆಂದು ಕರವಸ್ತ್ರ ಬಾಯಿಗೆ ಅಡ್ಡ ಹಿಡಿದು ನಕ್ಕರು.

ಚಹಾ ಆದಮೇಲೆ ನನ್ನ ಸರದಿ. ಕ್ಯಾಲೆಂಡರ್ ಚೀಟಿಗಳನ್ನು ಮೇಜಿನ ಮೇಲೆ ಜೋಡಿಸಿದೆ. ನಾನು ಎದ್ದುಬಂದ ಜಾಗದಲ್ಲಿ, ಅಧ್ಯಕ್ಷರ ಪಕ್ಕ, ಮೇಡಂ ವಿದ್ಯಾರ್ಥಿನಿಯಾಗಿ ಕೂತರು. ಸರ್ಕಾರಿ ವೆಚ್ಚ ಸುಸೂತ್ರವಾಗಿ ನಡೆಯಿತು. ಹದಿನಾರು, ಎಂಟು, ನಾಲ್ಕು, ಎರಡು, ಒಂದು. ಬೋರ್ಡಿನ ಮೇಲೆ ಮೂವತ್ತೊಂದು. ನನ್ನ ಅಕ್ಷರ ಈಗಲೂ ಮುತ್ತಿನಂತೆ ಎಂದು ನನಗೆ ನಾನೇ ಹೇಳಿಕೊಂಡೆ. ಇನ್ನೇನು ಚೀಟಿ ಒಳಗಿಡಬೇಕು, ಅಧ್ಯಕ್ಷರು ಕೈ ಎತ್ತಿದರು.

"ಸರ್, ತೆರಿಗೆ ಕಡಿತನೂ ಚೀಟಿಯಾಗೇ ಮಾಡಿ ತೋರಿಸ್ರಿ. ಮೇಡಂ ಎರಡೂ ತೋರಿಸ್ಯಾರ. ಒಬ್ರಿಗೊಂದು, ಇನ್ನೊಬ್ರಿಗೊಂದು ಆಗಬಾರದು ನೋಡ್ರಿ."

ಇಷ್ಟು ವರ್ಷಗಳಲ್ಲಿ ಆ ಆಟವನ್ನು ನಾನು ಬೆಂಚಿನ ಮೇಲೆ ಆಡಿಸಿಯೇ ಇರಲಿಲ್ಲ. ಅದೇ ಹದಿನಾರು ಚೀಟಿಯನ್ನು ಅದೇ ಮೊದಲ ಬೆಂಚಿಗೆ ಕೊಟ್ಟೆ. ಕೊಡುವಾಗಲೇ ತಿಳಿಯಿತು.

"ಹದಿನಾರು ಸರ್!" ಎಂದು ಮೇಡಂ ನನ್ನದೇ ನಿಯಮದಂತೆ ಜೋರಾಗಿ ಕೂಗಿದರು. ಎಂಟು, ನಾಲ್ಕು, ಎರಡು, ಒಂದು ಎಂದು ಹಿಂದಿನವರು ಕೂಗಿದರು. ನನ್ನ ಸೀಮೆಸುಣ್ಣ ಹದಿನಾರರ ಮೇಲೆ ನಿಂತಿತು. ಕೂಡಿಸಿದರೆ ಮೂವತ್ತೊಂದು, ವೆಚ್ಚಕ್ಕೂ ತೆರಿಗೆಗೂ ವ್ಯತ್ಯಾಸವೇ ಇಲ್ಲ. ಪಕ್ಕದಲ್ಲಿ ನಾನೇ ದೊಡ್ಡದಾಗಿ ಬರೆದ ಸೂತ್ರ ಬೇರೆಯದನ್ನೇ ಹೇಳುತ್ತಿತ್ತು.

"ಸರ್, ಈ ಹದಿನಾರನ್ನ ಕೂಡಿಸ್ಬೇಕಾ, ಬಿಡ್ಬೇಕಾ?" ಮೇಡಂ ಕೇಳಿದ್ದು ಕುಹಕದಿಂದಲ್ಲ. ಒಳ್ಳೆಯ ವಿದ್ಯಾರ್ಥಿನಿ ಕೇಳುವ ಹಾಗೆಯೇ ಕೇಳಿದರು. ಕುಹಕವಿದ್ದಿದ್ದರೆ ನಾನು ಬಚಾವಾಗುತ್ತಿದ್ದೆ.

"ಬಿಡಬೇಕು."

"ಯಾಕ್ರೀ?" ಅಧ್ಯಕ್ಷರು ಕೇಳಿದರು.

"ಅದು ಉತ್ಪಾದನೆಯಿಂದ ಬಂದ ಆದಾಯವಲ್ಲ. ಅವರ ದುಡ್ಡೇ ಅವರ ಬಳಿ ಉಳಿದಿದ್ದು. ರಾಷ್ಟ್ರೀಯ ಆದಾಯದಲ್ಲಿ ಅದನ್ನು ಎಣಿಸುವ ಹಾಗಿಲ್ಲ."

"ಖರೆ ಐತಿ. ಆದ್ರ ಆಗ ಕೊಟ್ಟ ಹದಿನಾರೂ ಇದೇ ಚೀಟಿ, ಈಗ ಕೊಟ್ಟ ಹದಿನಾರೂ ಇದೇ ಚೀಟಿ. ಆಗ ಎಣಿಸೀವಿ, ಈಗ ಬಿಡಾಕತ್ತೀವಿ. ಹುಡುಗರಿಗೆ ಹೆಂಗ ಗೊತ್ತಾಗ್ಬೇಕ್ರೀ?"

ಗೊತ್ತಾಗುವ ಹಾಗಿರಲಿಲ್ಲ. ನನ್ನ ಆಟದಲ್ಲಿ ಯಾರೂ ಏನನ್ನೂ ತಯಾರಿಸುತ್ತಿರಲಿಲ್ಲ. ವೆಚ್ಚದ ಹೆಸರಿನಲ್ಲಿಯೂ ನಾನು ಕೊಡುತ್ತಿದ್ದಿದ್ದು ಪುಕ್ಕಟೆ ಚೀಟಿಯೇ. ಸರ್ಕಾರ ಸಾಮಾನು ಕೊಳ್ಳುವುದಕ್ಕೂ ಕೈಯಲ್ಲಿ ದುಡ್ಡು ಇಡುವುದಕ್ಕೂ ಇರುವ ಒಂದೇ ಒಂದು ವ್ಯತ್ಯಾಸವನ್ನು, ಪಾಠದ ಜೀವವನ್ನು, ಕ್ಯಾಲೆಂಡರಿನ ಜೊತೆಗೇ ಕತ್ತರಿಸಿ ಹಾಕಿದ್ದೆ. ಅದನ್ನು ಕಂಡುಹಿಡಿಯಲು ನನಗೆ ಬೇಕಾಗಿದ್ದು ಒಂದು ಸೇರು ಶೇಂಗಾ.

ಡಸ್ಟರಿನಿಂದ ಕೈ ಒರೆಸಿಕೊಂಡು ಕೆಳಗಿಳಿದೆ. ಅಂಗಿಗೆ ಸುಣ್ಣ ಹತ್ತಿತು.

"ಪದ್ಧತಿಯಂತೆ ಹಿರಿಯರು ಹೆಸರು ಸೂಚಿಸಬೇಕು," ಎಂದರು ಅಧ್ಯಕ್ಷರು, ಆಚೆ ಈಚೆ ನೋಡುತ್ತ.

ಎದ್ದು ನಿಂತೆ. ಗಂಟಲು ಸರಿಮಾಡಿಕೊಂಡೆ. 'ಸಭೆಯ ಇಚ್ಛೆ ಇದ್ದಲ್ಲಿ' ಎಂಬ ಮಾತು ತಾನಾಗಿಯೇ ನಾಲಿಗೆಯ ತುದಿಗೆ ಬಂದು ನಿಂತಿತು. ಹೇಳಿದ್ದರೆ ನಡೆದುಹೋಗುತ್ತಿತ್ತು, ಅಲ್ಲಿ ಯಾರೂ ನನಗೆ ಎದುರಾಡುವವರಲ್ಲ. ಗಾದಿ ಕುರ್ಚಿಗಳು ಒಂದೊಂದಾಗಿ ಕಣ್ಣ ಮುಂದೆ ಬಂದವು. ಆದರೆ ಎದುರಿಗೆ ಬೋರ್ಡಿತ್ತು. ಅದರ ಮೇಲೆ ಕೂಡಿಸಲೂ ಆಗದ, ಬಿಡಲೂ ಆಗದ ಹದಿನಾರು, ನನ್ನದೇ ಮುತ್ತಿನ ಅಕ್ಷರದಲ್ಲಿ.

"ಸೊರಬದ ಮೇಡಂ ಹೆಸರನ್ನು ಸೂಚಿಸುತ್ತೇನೆ," ಎಂದೆ. ಚಪ್ಪಾಳೆ ಬೇಕಾದ್ದಕ್ಕಿಂತ ಬೇಗ ಶುರುವಾಯಿತು. ಅದು ನಿಲ್ಲುವವರೆಗೆ ಕಾದು, "ಒಂದು ಷರತ್ತಿದೆ. ಶೇಂಗಾ ಶಿಕಾರಿಪುರದ ಸಂತೆಯದ್ದೇ ಆಗಬೇಕು," ಎಂದು ಸೇರಿಸಿದೆ.

"ಆಯ್ತು ಸರ್. ನಿಮ್ಮ ಕಾಲೇಜಿಗೆ ಬಂದಾಗ ಮೊದಲ ಬೆಂಚಲ್ಲಿ ನೀವೇ ಕೂರ್ಬೇಕು. ನಂದೂ ಒಂದು ಷರತ್ತು."

ಅವರು ಬಂದರು. ನಾನು ಕೂತೆ. ನನ್ನದೇ ವಿದ್ಯಾರ್ಥಿಗಳ ಮುಂದೆ ಮತ್ತೊಮ್ಮೆ ಹದಿನಾರು ಕಾಯಿ ಸುಲಿದೆ, ಮತ್ತೊಮ್ಮೆ ಬರಿಗೈಯಲ್ಲಿ ಕೂತೆ. ಸದಾ ಕಿಟಕಿಯಾಚೆ ನೋಡುತ್ತಿದ್ದ ಹಿಂದಿನ ಬೆಂಚಿನವರು ಅಂದು ಕುತ್ತಿಗೆ ಉದ್ದ ಮಾಡಿ ನನ್ನ ಮುಂದಿನ ಖಾಲಿ ಹಲಗೆಯನ್ನು ನೋಡುತ್ತಿದ್ದರು. ಒಬ್ಬಳು ಹುಡುಗಿ, ಎಂದೂ ಬಾಯಿ ಬಿಡದವಳು, "ಸರ್ ಈ ಸಲ ಏನೂ ಮಾಡ್ಲಿಲ್ಲ, ಅದಕ್ಕೇ ಹದಿನಾರು ಕಮ್ಮಿ!" ಎಂದು ಕೂಗಿಬಿಟ್ಟಳು. ತೆರಿಗೆ ಗುಣಕವನ್ನು ಇದಕ್ಕಿಂತ ಸರಿಯಾಗಿ ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಸಂತೋಷವಾಗಬೇಕಿತ್ತು. ಆಯಿತು ಕೂಡ, ಸ್ವಲ್ಪ. ಮಿಕ್ಕಿದ್ದೆಲ್ಲ ಆ ಹುಡುಗಿ ಮೇಡಂ ಕಡೆ ನೋಡಿದ ನೋಟಕ್ಕೇ ಖರ್ಚಾಗಿಹೋಯಿತು. ಅಂಥ ನೋಟ ನನ್ನ ಕಡೆ ಬಂದಿದ್ದುಂಟೇ ಎಂದು ಎಷ್ಟು ನೆನೆದರೂ ನೆನಪಾಗಲಿಲ್ಲ.

ಪ್ರಾಂಶುಪಾಲರ ಕೋಣೆಯಲ್ಲಿ ಮೇಡಂಗೆ ಶಾಲು ಹೊದಿಸುವ ಹೊತ್ತಿಗೆ ನಾನು ತರಗತಿಯಲ್ಲೇ ಉಳಿದೆ. ಗುಡಿಸುವವರು ಬರುವ ಮುಂಚೆ ಮೊದಲ ಆಟದ ನನ್ನ ಪಾಲಿನ ಸಿಪ್ಪೆಯನ್ನು ಒಟ್ಟುಮಾಡಿ ಜೇಬಿಗೆ ಹಾಕಿಕೊಂಡೆ. ಯಾಕೆಂದು ಕೇಳಿದರೆ ಹೇಳಲಾರೆ. ಅಂದು ಆ ಕೋಣೆಯಲ್ಲಿ ನಾನು ಉತ್ಪಾದಿಸಿದ್ದು ಅದೊಂದೇ.

ಸಂಜೆ ಅಂಗಿ ಒಗೆಯಲು ತೆಗೆದ ಹೆಂಡತಿ ಜೇಬು ಕೊಡವಿ ನಿಂತಳು.

"ಕಾಳು ಮನೆಗೆ ತರೋರನ್ನ ನೋಡಿದೀನಿ. ಸಿಪ್ಪೆ ತರೋರನ್ನ ಇವತ್ತೇ ನೋಡಿದ್ದು. ಹುಡುಗಿ ಪಾಠ ಹೆಂಗಾಯ್ತು?"

"ಚೆನ್ನಾಗಾಯ್ತು," ಎಂದೆ. ಈ ಒಂದು ಪದ ಹೊರಬರಲು ಶಿಕಾರಿಪುರದಿಂದ ಜಡೆಗೆ ಹೋಗಿ ಬರುವಷ್ಟು ಹೊತ್ತು ಹಿಡಿಯಿತು.

"ಮತ್ತೆ ಇವನ್ನೇನು ಮಾಡಲಿ?"

"ಇರಲಿ, ಇಡು."

ಆಕೆ ಸಿಪ್ಪೆಯನ್ನು ಅಂಗೈಯಲ್ಲಿ ಹಿಡಿದು ನನ್ನನ್ನೂ ಮೂಲೆಯ ಮಿಕ್ಸಿಯನ್ನೂ ಒಂದು ಸಲ ನೋಡಿದಳು.

"ತಗೊಳ್ಳಿ, ನೀವೇ ಇಟ್ಕೊಳ್ಳಿ," ಎಂದು ನನ್ನ ಕೈಗೆ ಸುರಿದಳು. "ನಾಳೆ ಬ್ಯಾಂಕಿಗೆ ಹೋದಾಗ ಇದನ್ನೂ ಡಿಪಾಜಿಟ್ ಮಾಡಿ ಬನ್ನಿ."